ಬೈನರಿ ಹಲಗೆ: ಖಾಲಿ ಮನೆಗೆ ಸೊನ್ನೆ

ಅಕ್ಕನ ಮಗಳು ಇಲ್ಲೇ ಹಾಸನದಲ್ಲಿ ಫಸ್ಟ್ ಪಿಯುಸಿ ಓದುತ್ತಿದ್ದಾಳೆ. ಅವಳ ಕಂಪ್ಯೂಟರ್ ಸೈನ್ಸ್ ಪರೀಕ್ಷೆಗೆಂದು ಮಾಡುತ್ತಿದ್ದ ರಟ್ಟಿನ ಹಲಗೆ ಈ ವಾರ ಬಳಸುವ ಹಂತಕ್ಕೆ ಬಂತು. ಸಾಲಗಾಮೆ ರಸ್ತೆಯಿಂದ ತಂದ ದಪ್ಪ ರಟ್ಟಿನ ಮೇಲೆ ಸಾಲಿಗೆ ಆರರಂತೆ ಮನೆಗಳು. ಮನೆಗೊಂದು ಚೀಟಿ, ಒಂದು ಮಗ್ಗುಲಲ್ಲಿ 0, ಇನ್ನೊಂದರಲ್ಲಿ 1. ಸಾಲಿನ ಚೀಟಿಗಳನ್ನೆಲ್ಲ ಮಗುಚಿದರೆ ಸಿಗುವುದೇ ಒನ್ಸ್ ಕಾಂಪ್ಲಿಮೆಂಟ್. ಅದಕ್ಕೆ 1 ಕೂಡಿದರೆ ಟೂಸ್ ಕಾಂಪ್ಲಿಮೆಂಟ್. ಒಂದು ಸಂಖ್ಯೆಯನ್ನು ಕಳೆಯುವ ಬದಲು ಅದರ ಟೂಸ್ ಕಾಂಪ್ಲಿಮೆಂಟನ್ನು ಕೂಡುವುದೇ ಇಲ್ಲಿನ ವಿಧಾನ. ಎಡತುದಿಯಾಚೆ ಕೆಂಪು ಬಣ್ಣದ ಮನೆಯೊಂದಿದೆ, ಅದು ಕೊನೆಯ ಕ್ಯಾರಿಗೆ.

ಮೊದಲು ಕೊಟ್ಟ ಲೆಕ್ಕ 101101 ರಿಂದ 10110 ಕಳೆಯುವುದು, ಅಂದರೆ 45 ರಿಂದ 22. ಎರಡನೇ ಸಂಖ್ಯೆಗೆ ಐದೇ ಬಿಟ್. ಅವಳು ಐದೇ ಚೀಟಿ ಇಟ್ಟಳು, ಎಡಗಡೆಯ ಮನೆ ಖಾಲಿ ಉಳಿಯಿತು. ಮಗುಚಿದಾಗ 01001, ಒಂದು ಕೂಡಿದಾಗ 01010. ಮೇಲಿನ ಸಂಖ್ಯೆಗೆ ಇದನ್ನು ಸೇರಿಸಿದರೆ 110111. ಕೆಂಪು ಮನೆಗೆ ಏನೂ ಹೋಗಲಿಲ್ಲ.

"ಮಾವ, ಕ್ಯಾರಿನೇ ಬರಲಿಲ್ಲ. ಹಂಗಾದ್ರೆ ಉತ್ತರ ಮೈನಸ್ಸಾ?"

ಕ್ಯಾರಿ ಬರದಿದ್ದರೆ ಉತ್ತರ ಋಣ ಸಂಖ್ಯೆ ಎಂಬ ನಿಯಮ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ದೊಡ್ಡದರಿಂದ ಚಿಕ್ಕದನ್ನು ಕಳೆದಾಗ ಮೈನಸ್ ಬರಲು ಸಾಧ್ಯವೇ ಇಲ್ಲ. ಎಡವಟ್ಟಾಗಿದೆ ಎಂದು ತಿಳಿಯುವುದಕ್ಕೆ ಅದೊಂದೇ ಗುರುತು ಸಾಕು. ಆದ್ದರಿಂದ ಈಗ ಹಲಗೆಗೆ ಒಂದು ಕಟ್ಟುನಿಟ್ಟು: ಚೀಟಿ ಮಗುಚುವ ಮೊದಲು ಖಾಲಿ ಮನೆಗೆಲ್ಲ 0 ಇಡಬೇಕು.

```
  22             010110
ಮಗುಚಿದರೆ         101001
1 ಕೂಡಿದರೆ        101010

  45             101101
               + 101010
               1 010111
```

ಕೆಂಪು ಮನೆಗೆ 1 ಬಂತು, ಅದನ್ನು ಬಿಟ್ಟರೆ ಉಳಿದದ್ದು 010111, ಅಂದರೆ 23.

ಆ 1 ಅನ್ನು ಬಿಡುವುದು ಏಕೆ ಎಂದು ಅವಳು ಕೇಳಿದ್ದು ನನಗೆ ಬಹಳ ಹಿಡಿಸಿತು. ಆರು ಮನೆಯ ಹಲಗೆಯಲ್ಲಿ ಟೂಸ್ ಕಾಂಪ್ಲಿಮೆಂಟ್ ಎಂದರೆ 64 ರಿಂದ ಆ ಸಂಖ್ಯೆಯನ್ನು ಕಳೆದದ್ದು. 22 ರ ಬದಲು ನಾವು ಇಟ್ಟದ್ದು 64 − 22, ಅಂದರೆ 42. ಅದನ್ನು 45 ಕ್ಕೆ ಕೂಡಿದರೆ 87, ಅದರಲ್ಲಿ 64 ಹೆಚ್ಚುವರಿ ಸೇರಿಕೊಂಡಿದೆ. ಕೆಂಪು ಮನೆಯ 1 ರ ಬೆಲೆಯೂ ಸರಿಯಾಗಿ 64. ಅದನ್ನು ಬಿಟ್ಟಾಗ ನಾವೇ ಸೇರಿಸಿದ್ದನ್ನು ವಾಪಸ್ ತೆಗೆದಂತಾಯಿತು. ಐದೇ ಚೀಟಿ ಮಗುಚಿದಾಗ ಸೇರಿದ್ದು 64 ಅಲ್ಲ, 32. ಹಾಗಾಗಿಯೇ 55 ಎಂಬ ಅಸಂಬದ್ಧ ಮೊತ್ತ ಬಂದದ್ದು.

ಇದು ಮನಸ್ಸಿಗೆ ಹೋದ ಮೇಲೆ ತಿರುಗುಮುರುಗು ಲೆಕ್ಕ, 22 ರಿಂದ 45 ಕಳೆಯುವುದು, ಅವಳೇ ಮಾಡಿದಳು. 101101 ರ ಟೂಸ್ ಕಾಂಪ್ಲಿಮೆಂಟ್ 010011. ಅದನ್ನು 010110 ಕ್ಕೆ ಕೂಡಿದರೆ 101001, ಕ್ಯಾರಿ ಇಲ್ಲ. ಈ ಸಲ ಮೈನಸ್ ನಿಜ. 101001 ಅನ್ನು ಮತ್ತೆ ಮಗುಚಿ 1 ಕೂಡಿದರೆ 010111, ಮುಂದೆ ಮೈನಸ್ ಗುರುತು ಹಾಕಿದರೆ −23. ಈ ಕೊನೆಯ ಮಗುಚುವಿಕೆ ಬಿಟ್ಟುಹೋದರೆ ಉತ್ತರ 41 ಎಂದಾಗುತ್ತದೆ. ಅಲ್ಲಿಗೆ ಮಾಡಿದ್ದೆಲ್ಲ ನೀರುಪಾಲು.

ಒಂದು ಮಿತಿ ಹೇಳಲೇಬೇಕು. ಕ್ಯಾರಿ ನೋಡಿ ಚಿಹ್ನೆ ಹೇಳುವ ಈ ವಿಧಾನ, ಕೊಟ್ಟ ಎರಡೂ ಸಂಖ್ಯೆಗಳು ಚಿಹ್ನೆಯಿಲ್ಲದವು ಎಂದುಕೊಂಡಾಗ ಮಾತ್ರ. ಪ್ರಶ್ನೆಯಲ್ಲಿ ಎಂಟು ಬಿಟ್‌ನ ಟೂಸ್ ಕಾಂಪ್ಲಿಮೆಂಟ್ ರೂಪದಲ್ಲೇ ಬರೆಯಿರಿ ಎಂದಿದ್ದರೆ −23 ಕ್ಕೆ ಉತ್ತರ 11101001. ಅಲ್ಲಿ ಎಡತುದಿಯ 1 ಮೈನಸ್ಸನ್ನು ಹೇಳುತ್ತದೆ, ಮತ್ತೆ ಮಗುಚುವ ಹಾಗಿಲ್ಲ.

ಹಲಗೆಯ ಹಿಂಬದಿಯನ್ನು ಆಕ್ಟಲ್ ಮತ್ತು ಹೆಕ್ಸಾಡೆಸಿಮಲ್‌ಗೆ ಮೀಸಲಿಟ್ಟಿದ್ದೇನೆ. ಅಲ್ಲಿಯೂ ತೊಂದರೆ ಸೊನ್ನೆಯದೇ. ಆಕ್ಟಲ್ 725 ಅನ್ನು ಹೆಕ್ಸಾಗೆ ತರುವಾಗ ಪ್ರತಿ ಅಂಕಿಗೂ ಮೂರು ಬಿಟ್ ಬರೆಯಬೇಕು, ಆಮೇಲೆ ಬಲಗಡೆಯಿಂದ ನಾಲ್ಕು ನಾಲ್ಕಾಗಿ ಕಟ್ಟಬೇಕು.

```
7   2   5
111 010 101
1 1101 0101
1   D    5
```

ಎರಡೂ 469. ನಡುವಿನ 2 ಕ್ಕೆ 010 ಬದಲು ಬರೀ 10 ಬರೆದರೆ F5 ಬರುತ್ತದೆ, ಅದು 245. ಎಡಗಡೆಯಿಂದ ಕಟ್ಟಲು ಶುರು ಮಾಡಿದರೆ ಇನ್ನೇನೋ ಆಗುತ್ತದೆ. ಸಮಯ ಇದ್ದರೆ ದಶಮಾಂಶಕ್ಕೆ ಬಿಡಿಸಿ ತಾಳೆ ನೋಡುವುದು ಒಳ್ಳೆಯದು, ಅರ್ಧ ನಿಮಿಷದ ಕೆಲಸ.

ಇನ್ನು ಬಿಂದು ಇರುವ ಸಂಖ್ಯೆಗಳಿಗೆ ಜಾಗ ಮಾಡಬೇಕು. ಬಿಂದುವಿನ ಬಲಕ್ಕೆ ಸೊನ್ನೆ ಸೇರುವುದು ಕೊನೆಯಲ್ಲಿ: ಆಕ್ಟಲ್ 0.6 ಎಂದರೆ .110, ಅದು .1100 ಆಗಿ ಹೆಕ್ಸಾದಲ್ಲಿ 0.C. ಮುಂದೆ ಸೇರಿಸಿ .0110 ಮಾಡಿದರೆ ಮುಕ್ಕಾಲು ಇದ್ದದ್ದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಭಾನುವಾರ ಬಿಂದುವಿನ ಜಾಗಕ್ಕೆ ಒಂದು ಗುಂಡುಪಿನ್ ಚುಚ್ಚಿ, ಎಡಕ್ಕೂ ಬಲಕ್ಕೂ ಮನೆಗಳನ್ನು ಎಳೆಯಬೇಕೆಂದಿದ್ದೇನೆ.