ಚೆಂಡಿಲ್ಲದವರು ಎಲ್ಲಿ ನಿಲ್ಲಬೇಕು?

ಕುಷ್ಟಗಿ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಏಳನೇ ತರಗತಿಗೆ ಹ್ಯಾಂಡ್‌ಬಾಲ್ ಶುರು ಮಾಡಿದಾಗ ನಾನು ಮೊದಲು ಪಾಸ್ ಹೇಳಿಕೊಡಲಿಲ್ಲ. ಮಕ್ಕಳನ್ನು ನೇರವಾಗಿ ಆಟಕ್ಕೇ ಬಿಟ್ಟೆ. 1982ರಲ್ಲಿ ಇಂಗ್ಲೆಂಡಿನ ಡೇವಿಡ್ ಬಂಕರ್ ಮತ್ತು ರಾಡ್ ಥಾರ್ಪ್ ಮುಂದಿಟ್ಟ ದಾರಿ ಇದು. ಮೊದಲು ಮಕ್ಕಳ ಅಳತೆಗೆ ಚಿಕ್ಕದು ಮಾಡಿದ ಆಟ, ಆಮೇಲೆ 'ಈಗ ಏನು ಮಾಡಬೇಕು' ಎಂಬ ಯೋಚನೆ, ಅದಾದ ಮೇಲೆ ಕೈಚಳಕ.

ಫುಟ್‌ಬಾಲ್, ಹಾಕಿ, ಬ್ಯಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್, ಎಲ್ಲವೂ ಎದುರಾಳಿಯ ಜಾಗಕ್ಕೆ ನುಗ್ಗುವ ಆಟಗಳು. ಚೆಂಡು ಒಬ್ಬರ ಹತ್ತಿರ ಇದ್ದಾಗ ಉಳಿದವರು ಏನು ಮಾಡಬೇಕು ಅನ್ನುವುದೇ ಎಲ್ಲದರಲ್ಲೂ ಕಷ್ಟದ ಭಾಗ. ಆ ದಿನ ನನಗೆ ಬೇಕಾಗಿದ್ದು ಅದೊಂದೇ.

ಬಿಸಿಲು ಏರುವ ಮುಂಚೆ ಸುಣ್ಣದ ಪುಡಿಯಿಂದ ಚಿಕ್ಕ ಅಂಕಣಗಳನ್ನು ಹಾಕಿದೆವು. ಒಂದೊಂದರಲ್ಲಿ ಮೂವರ ಎದುರು ಮೂವರು. ಗೋಲ್ ಇಲ್ಲ, ಕೊನೆಯ ಗೆರೆಯಾಚೆ ನಿಂತ ಗೆಳೆಯನಿಗೆ ಚೆಂಡು ಸಿಕ್ಕರೆ ಒಂದು ಅಂಕ. ಚೆಂಡು ಹಿಡಿದವರು ಓಡುವಂತಿಲ್ಲ. ಈ ನಿಯಮವೇ ಆಟದ ಜೀವ. ಓಡಲು ಬಿಟ್ಟರೆ ಗಟ್ಟಿ ಹುಡುಗನೊಬ್ಬನೇ ಆಡಿಬಿಡುತ್ತಾನೆ, ಅಲ್ವಾ? ಓಡುವಂತಿಲ್ಲ ಅಂದಾಗ ಉಳಿದವರು ಓಡಲೇಬೇಕು.

ಶುರುವಿನಲ್ಲಿ ಎಲ್ಲರೂ ಚೆಂಡಿನ ಸುತ್ತ ಗುಂಪುಗಟ್ಟಿದರು. ಸೀಟಿ ಊದಿ, ಎಲ್ಲರೂ ಇದ್ದಲ್ಲೇ ನಿಲ್ಲಿ ಅಂದೆ. ಚೆಂಡು ಹಿಡಿದಿದ್ದ ಹುಡುಗಿಗೆ ಕೇಳಿದೆ: "ಯಾರಿಗೆ ಕೊಡ್ತೀಯವ್ವಾ?"

"ಯಾರಿಗೂ ಆಗಲ್ರೀ ಸರ್. ನಡುವ ಅವ್ರು ನಿಂತಾರ."

"ಹಂಗಾದ್ರ ನಿನ್ನ ಕಡೆಯವರು ಎಲ್ಲಿ ನಿಲ್ಲಬೇಕು?"

ಆಕೆ ಬಲಬದಿಯ ಖಾಲಿ ಜಾಗ ತೋರಿಸಿದಳು. ಉತ್ತರ ನಾನು ಹೇಳಿದ್ದರೆ ಅವರು ಆ ಜಾಗಕ್ಕೆ ಮಾತ್ರ ಹೋಗುತ್ತಿದ್ದರು. ಈಗ ಹಾಗಾಗಲಿಲ್ಲ. ಎದುರಾಳಿ ಸರಿದ ಕಡೆ ನೋಡಿ ತಾವೂ ಸರಿಯತೊಡಗಿದರು.

ಒಂದು ಅಂಕಣದಲ್ಲಿ ಮಾತ್ರ ಬೇರೆ ತೊಂದರೆ. ಅಲ್ಲಿ ಎತ್ತರದ ಹುಡುಗನೊಬ್ಬ ಎಲ್ಲರ ತಲೆಯ ಮೇಲಿಂದ ಎಸೆಯುತ್ತಿದ್ದ. ಹಾಗೆ ದಾಟಿಸಿದರೆ ಯಾರೂ ಜಾಗ ಬದಲಿಸಬೇಕಿಲ್ಲ. ಚೆಂಡು ಭುಜಕ್ಕಿಂತ ಮೇಲೆ ಹೋಗಬಾರದು ಅಂದೆ. ಕಲಿಸಬೇಕಾದ ಸಂಗತಿಯೇ ಎದ್ದು ಕಾಣುವಂತೆ ನಿಯಮವನ್ನು ಬಿಗಿ ಮಾಡುವುದು ಈ ವಿಧಾನದ ಮುಖ್ಯ ಉಪಾಯ. ಇನ್ನೊಂದು ಅಂಕಣದಲ್ಲಿ ಚೆಂಡು ಪದೇ ಪದೇ ಕಳೆದುಹೋಗುತ್ತಿತ್ತು. ಅಲ್ಲಿ ತಡೆಯುವವರನ್ನು ಇಬ್ಬರಿಗೆ ಇಳಿಸಿದೆ. ಆದರೆ ತಡೆಯುವವರು ಬೆನ್ನಟ್ಟದೆ ಸುಮ್ನೆ ನಿಂತರೆ ಆಟ ತೀರಾ ಸುಲಭವಾಯಿತು ಅಂತಲೇ ಅರ್ಥ. ಆಗ ಮೂರನೆಯವನನ್ನು ವಾಪಸ್ ಕರೆಯಬೇಕು.

ಆಮೇಲೆ ಮಕ್ಕಳೇ ಹೊಸ ತಕರಾರು ತಂದರು: "ಸರ್, ನಾ ಓಡ್ತೀನಿ, ಬಾಲ್ ಹಿಂದ ಬೀಳ್ತೈತಿ." ಪಾಸ್ ಕಲಿಸುವ ಹೊತ್ತು ಬಂದಿತ್ತು. ಗೆಳೆಯ ಓಡುವ ದಿಕ್ಕಿನಲ್ಲಿ, ಅವನಿಗಿಂತ ಒಂದು ಹೆಜ್ಜೆ ಮುಂದೆ ಎಸೆಯುವುದನ್ನು ಜೋಡಿಯಾಗಿ ಸ್ವಲ್ಪ ಹೊತ್ತು ಮಾಡಿಸಿ, ಮತ್ತೆ ಅದೇ ಆಟಕ್ಕೆ ಬಿಟ್ಟೆ.

ಇದನ್ನೇ ಫುಟ್‌ಬಾಲ್‌ನಲ್ಲಿ ಮಾಡುವಾಗ ಅಂಕಣ ದೊಡ್ಡದಿರಬೇಕು. ಕಾಲಲ್ಲಿ ಚೆಂಡು ನಿಲ್ಲಿಸುವುದೇ ಕಷ್ಟವಾದ ಮಗು ತಲೆ ಎತ್ತಿ ಗೆಳೆಯರನ್ನು ನೋಡುವುದಿಲ್ಲ. ಅದಕ್ಕೇ ನಾನು ಕೈಯಾಟದಿಂದ ಶುರು ಮಾಡಿದ್ದು.