ಮಾವನ ಮನೆಯ ಡ್ರೈಯರೂ ನನ್ನ 17 ಆಂಪಿಯರೂ

ನವೆಂಬರಿನಲ್ಲಿ ಕೊನೆಕೊಯ್ಲು ಅರ್ಧ ಆಗಿತ್ತು, ಮಳೆ ಬಿಡಲಿಲ್ಲ. ಬೇಯಿಸಿದ ಅಡಿಕೆ ಅಂಗಳದ ಅಟ್ಟದಿಂದ ಜಗಲಿಗೆ ಬಂದು, ಅಲ್ಲೂ ಅಂಟಂಟಾಗಿ ಬೂಷ್ಟು ಹಿಡಿಯತೊಡಗಿತು. ಶಿರಸಿ ಹತ್ತಿರದ ನನ್ನ ಸೋದರಮಾವ ಕೊನೆಗೂ ಕರೆಂಟಿನ ಡ್ರೈಯರ್ ತರಿಸಿದ. ಆಗ ಕಾರವಾರದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದ ನಾನು ರಜೆಗೆಂದು ಹೋದವನು, ಸಹಜವಾಗಿಯೇ ಎಂಜಿನಿಯರನಾಗಿಬಿಟ್ಟೆ.

ಒಳಗೆ ಮೂರು ಹೀಟರುಗಳು. ಒಂದೊಂದರ ಮೇಲೂ 240 ವೋಲ್ಟ್, 2400 ವ್ಯಾಟ್ ಎಂದು ಬರೆದಿತ್ತು. ಮೀಟರ್ ಹಿಡಿದರೆ ಒಂದೊಂದೂ 24 ಓಮ್. ಮೂರರ ಒಂದೊಂದು ತುದಿಯನ್ನು ಒಟ್ಟಿಗೆ ಬಿಗಿದು, ಉಳಿದ ಮೂರು ತುದಿಗಳಿಗೆ ಮೂರು ಫೇಸ್ ಕೊಡುವ ಸ್ಟಾರ್ ಜೋಡಣೆ. ನ್ಯೂಟ್ರಲ್ ತಂತಿ ಎಳೆದಿರಲಿಲ್ಲ. ಫ್ಯಾನಿಗೆ ಬೇರೆಯೇ ಲೈನ್ ಇತ್ತು.

ನಾನು ನೋಟ್‌ಬುಕ್ ತೆಗೆದೆ. ಎರಡು ಫೇಸಿನ ನಡುವೆ 415 ವೋಲ್ಟ್. 24ರಿಂದ ಭಾಗಿಸಿದರೆ 17.3 ಆಂಪಿಯರ್. ಪವರ್ ಬೇಕಾದರೆ ಮೂರರ ವರ್ಗಮೂಲದಿಂದಲೂ ಗುಣಿಸಬೇಕು: 1.732 × 415 × 17.3, ಅಂದರೆ 12.4 ಕಿಲೋವ್ಯಾಟ್. "ಮಾವ, ಈ ತಂತಿ ಸಾಲ್ತಿಲ್ಲೆ, ದಪ್ಪದ್ದು ತರಬೇಕು" ಎಂದು ಘೋಷಿಸಿದೆ.

ಜೋಡಣೆಗೆ ಬಂದಿದ್ದ ಊರಿನ ಹಳೆಯ ವೈರ್‌ಮನ್ ಅಣ್ಣ ಹೀಟರಿನ ಮೇಲಿನ ಬರಹ ತೋರಿಸಿದ. "ತಮಾ, 2400 ಮೂರು ಸಲ ಕೂಡಿಸಿದ್ರೆ ಎಷ್ಟು? ನಿಂದು ಹನ್ನೆರಡು ಸಾವಿರ ಎಲ್ಲಿಂದ ಬಂತು?"

ಉತ್ತರ ನನ್ನ ಬಳಿ ಇರಲಿಲ್ಲ. ಅವನು ಒಣಗಿದ ಅಡಿಕೆಹಾಳೆಯೊಂದನ್ನು ಎಳೆದುಕೊಂಡು ಇದ್ದಿಲಿನಲ್ಲಿ ಮೂರು ಗೆರೆ ಎಳೆದ. ಅವು ಸೇರುವಲ್ಲಿಂದ ಚುಕ್ಕಿಚುಕ್ಕಿಯಾಗಿ ನಾಲ್ಕನೆಯದು. "ಇಲ್ಲೊಂದು ನ್ಯೂಟ್ರಲ್ ಇದೆ ಅಂದ್ಕ. ಒಂದೇ ಹೀಟರ್ ನೋಡು, ಉಳಿದೆರಡು ಮರೆತುಬಿಡು."

ಇಲ್ಲದ ತಂತಿಯನ್ನು ಇದೆ ಎಂದುಕೊಳ್ಳುವುದು ಹೇಗೆ ಸರಿಯಾಗುತ್ತದೆ ಎನ್ನುವುದು ನನಗೆ ಹೊಳೆದದ್ದು ಆಗಲೇ. ಮೂರು ಹೀಟರೂ ಒಂದೇ ಅಳತೆಯವು, ಮೂರು ಕರೆಂಟೂ ಒಂದೇ ಗಾತ್ರದವು, ಒಂದಕ್ಕಿಂತ ಒಂದು 120 ಡಿಗ್ರಿ ಹಿಂದೆ. ಕೂಡಿಸಿದರೆ ಸೊನ್ನೆ. ಆ ತಂತಿ ಇದ್ದಿದ್ದರೂ ಅದರಲ್ಲಿ ಏನೂ ಹರಿಯುತ್ತಿರಲಿಲ್ಲ. ಹಾಗಾಗಿ ಹೀಟರುಗಳು ಸೇರುವ ಗಂಟು ತಾನಾಗಿಯೇ ನ್ಯೂಟ್ರಲಿನ ಮಟ್ಟದಲ್ಲಿ ನಿಂತಿರುತ್ತದೆ. ಒಂದು ಹೀಟರಿಗೆ ಸಿಗುವುದು 415 ಅಲ್ಲ, ಅದನ್ನು 1.732ರಿಂದ ಭಾಗಿಸಿದ 240 ವೋಲ್ಟ್. 240ನ್ನು 24ರಿಂದ ಭಾಗಿಸಿದರೆ 10 ಆಂಪಿಯರ್. ಸ್ಟಾರಿನಲ್ಲಿ ಹೀಟರಿನ ಕರೆಂಟೇ ಲೈನಿನ ಕರೆಂಟ್. ಉಳಿದೆರಡು ಲೈನಿನಲ್ಲೂ ಅಷ್ಟೇ, 120 ಮತ್ತು 240 ಡಿಗ್ರಿ ತಡವಾಗಿ. ಒಂದರ ಪವರ್ 2400, ಮೂರಕ್ಕೆ 7200 ವ್ಯಾಟ್. ಮೋಟಾರಾಗಿದ್ದರೆ ಪವರ್ ಫ್ಯಾಕ್ಟರಿನಿಂದ ಗುಣಿಸಬೇಕಿತ್ತು. ಹೀಟರಿಗೆ ಅದರ ಬೆಲೆ 1. ಕ್ಲಾಸಿನಲ್ಲಿ ಇದಕ್ಕೇ ನಾನು ಎರಡು ಪುಟ ಸಮೀಕರಣ ಬರೆದಿದ್ದೆ.

ಸ್ವಿಚ್ ಹಾಕಿ ಕ್ಲಾಂಪ್ ಮೀಟರ್ ಹಿಡಿದರೆ ಮೂರೂ ಹತ್ತರ ಆಸುಪಾಸು. ಹಳೆಯ ತಂತಿಯೇ ಸಾಕಾಯಿತು.

ರಾತ್ರಿ ಊಟ ಮುಗಿಸಿ ಬಂದರೆ ಡ್ರೈಯರಿನ ಬಿಸಿ ಇಳಿದಿತ್ತು. ಮತ್ತೆ ಕ್ಲಾಂಪ್ ಹಿಡಿದೆ: 8.6, 8.6, ಸೊನ್ನೆ. ಹೊಸದಾಗಿ ಕಲಿತ ಉಮೇದಿನಲ್ಲಿ 1.732 × 415 × 8.6 ಎಂದು ಗುಣಿಸಿ, "6.2 ಕಿಲೋವ್ಯಾಟ್ ಇದೆಯಲ್ಲ, ಬಿಸಿ ಯಾಕೆ ಬರ್ತಿಲ್ಲೆ?" ಎಂದು ವೈರ್‌ಮನ್ ಅಣ್ಣನನ್ನು ಫೋನಿನಲ್ಲಿ ಕೇಳಿದೆ. ಅತ್ತ ಕಡೆಯಿಂದ ನಗು. "ಮೂರೂ ಸಮ ಇದ್ರೆ ಮಾತ್ರ ಆ ಲೆಕ್ಕ, ತಮಾ. ಒಂದು ಸತ್ತಿದೆ."

ಸತ್ತದ್ದು ಮೂರನೆಯದು. ಉಳಿದೆರಡು ಈಗ ಸಾಲಾಗಿ 415ಕ್ಕೆ ಸಿಕ್ಕಿಬಿದ್ದಿದ್ದವು: 48 ಓಮ್, 8.6 ಆಂಪಿಯರ್. ಒಂದೊಂದಕ್ಕೆ 207 ವೋಲ್ಟ್ ಮಾತ್ರ, ಒಟ್ಟು ಪವರ್ ಸುಮಾರು 3.6 ಕಿಲೋವ್ಯಾಟ್. ಒಂದು ಹೀಟರ್ ಹೋದರೆ ಮೂರನೇ ಒಂದು ಭಾಗ ಕಡಿಮೆಯಾಗಬೇಕು ಅನಿಸುತ್ತದೆ, ಆದರೆ ನ್ಯೂಟ್ರಲ್ ಇಲ್ಲದಿದ್ದರೆ ಹೋಗುವುದು ಅರ್ಧ. ಗಂಟೂ ನ್ಯೂಟ್ರಲಿನ ಮಟ್ಟದಲ್ಲಿರಲಿಲ್ಲ, 120 ವೋಲ್ಟಿಗೆ ಸರಿದಿತ್ತು. ಅದನ್ನು ಸೊನ್ನೆ ಎಂದುಕೊಂಡು ಕೈ ಹಾಕುವವನಿದ್ದೆ ನಾನು. "ಮೇನ್ ಸ್ವಿಚ್ ತೆಗ್ದೇ ಮುಟ್ಟು" ಎಂದು ಅವನು ಎರಡು ಸಲ ಹೇಳಿದ್ದು ಅದಕ್ಕೇ.

ಮೇನ್ ತೆಗೆದು ನೋಡಿದರೆ ಮೂರನೆಯದರ ತುದಿಯ ತಿರುಪು ಸಡಿಲವಾಗಿ, ತಂತಿ ಸುಟ್ಟು ಕಪ್ಪಾಗಿ ಕಳಚಿತ್ತು. ಅದನ್ನು ಬಿಗಿದದ್ದು ಬೆಳಗಿನ ಹಗಲು ಬೆಳಕಿನಲ್ಲೇ, ನಾನಲ್ಲ, ಅವನು. ಕ್ಲಾಂಪ್ ಹಿಡಿದೆ: ಮೂರರಲ್ಲೂ 9.5. ಹತ್ತು ಯಾಕಲ್ಲ ಎಂದು ಮುಖ ಸಪ್ಪೆ ಮಾಡಿದೆ. ಅಕ್ಕಪಕ್ಕದ ಮನೆಗಳಲ್ಲಿ ಅಡಿಕೆ ಸುಲಿಯುವ ಯಂತ್ರಗಳು ಆಗಲೇ ಗುರುಗುಡುತ್ತಿದ್ದವು. ವೋಲ್ಟೇಜ್ ನೋಡಿದರೆ 395. 1.732ರಿಂದ ಭಾಗಿಸಿದರೆ 228, 24ರಿಂದ ಮತ್ತೆ ಭಾಗಿಸಿದರೆ 9.5.

"ಒಣಗ್ತಲ?" ಎಂದ ಮಾವ, ಒಂದು ಅಡಿಕೆ ಬೆರಳಲ್ಲಿ ಹಿಚುಕುತ್ತ.