ಸಿಲಿಂಡರ್ ಸುತ್ತಲಿನ ಹರಿವು, ಮತ್ತು ನನ್ನ ಎಲ್ಲ ಪರೀಕ್ಷೆಗಳಿಂದ ತಪ್ಪಿಸಿಕೊಂಡ ಒಂದು ಮೈನಸ್

ಗಾಳಿಯ ಜೊತೆ ಸಾಗುವ ಸಣ್ಣ ಕಣಗಳ ದಾರಿ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಅಡ್ಡ ಒಂದು ತಂತಿಯೋ ಪೈಪೋ ಇದ್ದರೆ ಕಣ ಅದನ್ನು ಬಳಸಿಕೊಂಡು ಹೋಗುತ್ತದಾ, ಹೋಗಿ ಬಡಿಯುತ್ತದಾ ಅನ್ನುವುದು ನಮಗೆ ಬೇಕಾದ ಉತ್ತರ. ಹೊಸ ಪ್ರೋಗ್ರಾಂ ಬರೆದಾಗ ಮೊದಲು ಅದನ್ನು ಉತ್ತರ ಗೊತ್ತಿರುವ ಒಂದು ಹರಿವಿನಲ್ಲಿ ಓಡಿಸಿ ನೋಡುತ್ತೇವೆ. ಅದಕ್ಕೆ ನಾನು ಆರಿಸಿಕೊಂಡದ್ದು ದುಂಡನೆಯ ಸಿಲಿಂಡರ್ ಸುತ್ತಲಿನ ಆದರ್ಶ ಹರಿವು. ಸ್ನಿಗ್ಧತೆ ಇಲ್ಲ, ಸುಳಿ ಇಲ್ಲ, ಇಡೀ ಹರಿವು ಒಂದೇ ಸಾಲಿನಲ್ಲಿ ಮುಗಿಯುತ್ತದೆ:

W(z) = U (z + a²/z)

ಇಲ್ಲಿ z = x + iy, U ದೂರದಲ್ಲಿರುವ ಗಾಳಿಯ ವೇಗ, a ಸಿಲಿಂಡರ್‌ನ ತ್ರಿಜ್ಯ. ನಾನು ಇಟ್ಟುಕೊಂಡದ್ದು U = 10 ಮೀ/ಸೆ, a = 50 ಮಿ.ಮೀ. ಗಾಳಿ ಎಡದಿಂದ ಬಲಕ್ಕೆ. W ಅನ್ನುವುದೇ ಕಾಂಪ್ಲೆಕ್ಸ್ ಪೊಟೆನ್ಷಿಯಲ್. ಅದರ ರಿಯಲ್ ಭಾಗ ವೇಗದ ಪೊಟೆನ್ಷಿಯಲ್ φ, ಇಮ್ಯಾಜಿನರಿ ಭಾಗ ಸ್ಟ್ರೀಮ್ ಫಂಕ್ಷನ್ ψ. ಮಧ್ಯದಿಂದ ಇರುವ ದೂರ r, ಬಲಗಡೆಯ x ಅಕ್ಷದಿಂದ ಅಳೆದ ಕೋನ θ ಅಂತ ಇಟ್ಟು ಬಿಡಿಸಿ ಬರೆದರೆ ψ = U (r − a²/r) sin θ. r = a ಹಾಕಿ, ಆವರಣ ಸೊನ್ನೆಯಾಗುತ್ತದೆ. ಅಂದರೆ ಸಿಲಿಂಡರ್‌ನ ಇಡೀ ಮೈಮೇಲೆ ψ = 0. ಒಂದೇ ψ ಇರುವ ಗೆರೆಯನ್ನು ಗಾಳಿ ದಾಟುವುದಿಲ್ಲ, ಹಾಗಾಗಿ ಆ ವೃತ್ತವೇ ಗೋಡೆ. ಯಾರೂ ಗೋಡೆ ಕಟ್ಟಲಿಲ್ಲ, ಆದರೂ ಗೋಡೆ ಇದೆ. ಇದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ವೇಗ ಬೇಕಿದ್ದರೆ W ಅನ್ನು ಒಮ್ಮೆ ಡಿಫರೆನ್ಷಿಯೇಟ್ ಮಾಡಿದರಾಯಿತು. ನಾನು ಹೀಗೆ ಬರೆದೆ:

```python
def velocity(z, U=10.0, a=0.05):
    w = U * (1 - a**2 / z**2)
    return w.real, w.imag
```

ಬರೆದ ಮೇಲೆ ಸುಮ್ನೆ ಬಿಡಲಿಲ್ಲ, ಪರೀಕ್ಷೆ ಮಾಡಿದೆ. ಮೂಗಿನಲ್ಲಿ, ಅಂದರೆ ಗಾಳಿಗೆ ಎದುರಾಗಿರುವ ತುದಿಯಲ್ಲಿ, ವೇಗ ಸೊನ್ನೆ ಬರಬೇಕು, ಬಂತು. ಹಿಂದಿನ ತುದಿಯಲ್ಲೂ ಸೊನ್ನೆ. ನೆತ್ತಿಯ ಮೇಲೆ ಮತ್ತು ಬುಡದಲ್ಲಿ 2U, ಅಂದರೆ 20 ಮೀ/ಸೆ, ಅದೂ ಸರಿ. ಮೈಮೇಲಿನ ಒತ್ತಡದ ಗುಣಾಂಕ Cp = 1 − 4 sin²θ ಆಗಬೇಕು. 360 ಬಿಂದುಗಳಲ್ಲಿ ನೋಡಿದೆ, ಗೆರೆ ಮೇಲೆ ಗೆರೆ ಕೂತಿತು. ಒತ್ತಡವನ್ನು ಸುತ್ತಲೂ ಕೂಡಿಸಿದರೆ ಡ್ರ್ಯಾಗ್, ಅಂದರೆ ಗಾಳಿ ತನ್ನ ದಿಕ್ಕಿಗೆ ಸಿಲಿಂಡರನ್ನು ತಳ್ಳುವ ಬಲ, ಸೊನ್ನೆ. 1752ರಲ್ಲೇ ಡಾಲಂಬರ್ ಗುರುತಿಸಿದ್ದ ವಿಚಿತ್ರ ಇದು, ಆದರ್ಶ ಹರಿವಿನಲ್ಲಿ ಹಾಗೇ ಬರಬೇಕು. ಸಿಲಿಂಡರ್ ಮೈ ದಾಟುವ ಒಟ್ಟು ಹರಿವು ಎಷ್ಟು ಅಂತಲೂ ಕೂಡಿಸಿದೆ, ಸೊನ್ನೆ. ಐದು ಪರೀಕ್ಷೆ, ಐದೂ ಪಾಸ್.

ಆಮೇಲೆ ಕಣಗಳನ್ನು ಬಿಟ್ಟೆ. ತೂಕವೇ ಇಲ್ಲದ ಕಣಗಳು, ಗಾಳಿ ಹೋದತ್ತ ಹೋಗಬೇಕು, ಅಷ್ಟೇ. ಸಿಲಿಂಡರ್‌ನ ಮಧ್ಯದಿಂದ 250 ಮಿ.ಮೀ. ಎಡಕ್ಕೆ, ನಡುಗೆರೆಯಿಂದ 20 ಮಿ.ಮೀ. ಎತ್ತರದಲ್ಲಿ ಒಂದು ಕಣ ಬಿಟ್ಟರೆ ಅದು ನೇರ ಮೂಗಿನ ಹತ್ತಿರ ಬಂದು ಅಂಟಿಕೊಂಡಿತು. 50 ಮಿ.ಮೀ. ಎತ್ತರದಿಂದ ಬಿಟ್ಟದ್ದು ಇನ್ನೂ ವಿಚಿತ್ರ. ಗೋಡೆಯ ಮೂಲಕವೇ ಒಳಗೆ ನುಗ್ಗಿ, ಒಳಗಿನಿಂದ ಸುತ್ತಿ ಬಂದು ಅದೇ ಮೂಗಿನಲ್ಲಿ ಕೂತಿತು.

ನನ್ನ ಮೊದಲ ಅನುಮಾನ ಹೋದದ್ದು ಟೈಮ್ ಸ್ಟೆಪ್ ಮೇಲೆ. ಹೆಜ್ಜೆ ದೊಡ್ಡದಾದರೆ ಕಣ ಬಾಗಿದ ದಾರಿ ಬಿಟ್ಟು ನೇರ ನುಗ್ಗುವುದು ಗೊತ್ತಿರುವ ಕಾಯಿಲೆ. ಹೆಜ್ಜೆಯನ್ನು ಹತ್ತರಲ್ಲಿ ಒಂದು ಪಾಲು ಮಾಡಿದೆ. ಚಿತ್ರ ಕೂದಲಷ್ಟೂ ಬದಲಾಗಲಿಲ್ಲ. ಅಲ್ಲೇ ನನಗೆ ಹೊಳೆಯಬೇಕಿತ್ತು. ಹೆಜ್ಜೆಯ ತಪ್ಪಾಗಿದ್ದರೆ ಹೆಜ್ಜೆ ಚಿಕ್ಕದಾದಾಗ ಕಡಿಮೆಯಾಗಬೇಕು. ಕಡಿಮೆಯಾಗಲಿಲ್ಲ ಅಂದರೆ ಪ್ರೋಗ್ರಾಂ ತನಗೆ ಕೊಟ್ಟ ವೇಗವನ್ನು ನಿಷ್ಠೆಯಿಂದ ಪಾಲಿಸುತ್ತಿದೆ, ಕೊಟ್ಟ ವೇಗವೇ ತಪ್ಪು. ಆದರೆ ಐದು ಪರೀಕ್ಷೆ ಪಾಸಾಗಿತ್ತಲ್ಲ, ಆ ಧೈರ್ಯದಲ್ಲಿ ಇನ್ನೂ ಒಂದೂವರೆ ದಿನ ಕಣವನ್ನು ಹೆಜ್ಜೆ ಹೆಜ್ಜೆಯಾಗಿ ಸಾಗಿಸುವ ಇಂಟಿಗ್ರೇಟರ್‌ನಲ್ಲೇ ಕಳೆದೆ.

ಕೊನೆಗೆ ನಮ್ಮ ಲೀಡ್ ಬಂದು ನಿಂತರು. "ಎಲ್ಲಿ, ಒಂದು ಬಿಂದು ಕೈಯಲ್ಲಿ ಹಾಕಿ ತೋರಿಸಿ" ಅಂದರು. ನಾನು ನೆತ್ತಿಯ ಬಿಂದು ತೆಗೆದುಕೊಳ್ಳಲು ಹೋದೆ. "ಅದು ಬೇಡ, ಅದು ಯಾವಾಗಲೂ ಸರಿ ಬರುತ್ತೆ. ಓರೆಯಾಗಿರೋದು ತಗೊಳ್ಳಿ."

135 ಡಿಗ್ರಿ ತೆಗೆದುಕೊಂಡೆವು. ಮೂಗಿಗೂ ನೆತ್ತಿಗೂ ಸರಿ ನಡುವೆ, ಎಡಗಡೆ ಮೇಲಿನ ಬಿಂದು. ಅಲ್ಲಿ z = a·e^(i135°). ವರ್ಗ ಮಾಡಿದರೆ ಕೋನ 270 ಡಿಗ್ರಿ, ಅಂದರೆ z² = −i a². ಹಾಗಾಗಿ a²/z² = i. ಉತ್ತರ dW/dz = 10 (1 − i) = 10 − 10i.

ನನ್ನ ಫಂಕ್ಷನ್ ಇದನ್ನು ಓದಿದ್ದು ಹೀಗೆ: u = 10, v = −10. ಬಲಕ್ಕೆ ಮತ್ತು ಕೆಳಕ್ಕೆ. ಎಡ ಮೇಲ್ಭಾಗದ ಗೋಡೆಯ ಮೇಲೆ ನಿಂತು ಬಲಕ್ಕೆ, ಕೆಳಕ್ಕೆ ಹೋಗುವುದು ಅಂದರೆ ನೇರ ಸಿಲಿಂಡರ್‌ನ ಮಧ್ಯಕ್ಕೆ ಹೋಗುವುದು! ಗಾಳಿ ಅಲ್ಲಿ ಗೋಡೆಗುಂಟ ಮೇಲೇರಬೇಕು, ಅಂದರೆ v = +10 ಆಗಬೇಕು.

ತಪ್ಪು ಇಷ್ಟೇ. dW/dz ಅಂದರೆ u + iv ಅಲ್ಲ, u − iv. ಪಠ್ಯದಲ್ಲಿ ಹತ್ತು ಸಲ ಓದಿದ್ದೆ, ಕಾಲೇಜಿನ ಪರೀಕ್ಷೆಯಲ್ಲಿ ಬರೆದಿದ್ದೆ. ಕೋಡ್ ಬರೆಯುವಾಗ ಮಾತ್ರ ಕೈ ತಾನಾಗಿ `w.imag` ಅಂತ ಟೈಪ್ ಮಾಡಿತ್ತು. ಸರಿ ಸಾಲು ಇದು:

```python
    return w.real, -w.imag
```

ತಪ್ಪು ಸಿಕ್ಕಿದ್ದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಪ್ರಶ್ನೆ. ಐದು ಪರೀಕ್ಷೆಗಳು ಇದನ್ನು ಹೇಗೆ ಬಿಟ್ಟವು?

ಒಂದೊಂದಾಗಿ ನೋಡಿದರೆ ನಗು ಬರುತ್ತದೆ. ಮೂಗು, ಹಿಂತುದಿ, ನೆತ್ತಿ, ಬುಡ ನಾಲ್ಕೂ x ಅಥವಾ y ಅಕ್ಷದ ಮೇಲಿವೆ. ಅಕ್ಷದ ಮೇಲೆ z² ಯಾವಾಗಲೂ ರಿಯಲ್ ಸಂಖ್ಯೆ, ಹಾಗಾಗಿ ಅಲ್ಲಿ v ಸೊನ್ನೆ. ಸೊನ್ನೆಗೆ ಮೈನಸ್ ಹಾಕಿದರೂ ಸೊನ್ನೆ, ಬಿಟ್ಟರೂ ಸೊನ್ನೆ. ಲೀಡ್ ನೆತ್ತಿ ಬೇಡ ಅಂದದ್ದು ಇದಕ್ಕೇ. Cp ಬರುವುದು ವೇಗದ ಪ್ರಮಾಣದಿಂದ, ಅಂದರೆ u² + v² ಇಂದ. ಅಲ್ಲಿ v ನ ಚಿಹ್ನೆ ವರ್ಗದಲ್ಲಿ ಕರಗಿಹೋಗುತ್ತದೆ. ಒತ್ತಡ ಸರಿ ಬಂದ ಮೇಲೆ ಡ್ರ್ಯಾಗ್ ಸರಿ ಬಾರದೆ ಇರುತ್ತದಾ? ಅದು ಬೇರೆ ಪರೀಕ್ಷೆಯೇ ಅಲ್ಲ, ಅದೇ ಪರೀಕ್ಷೆಯನ್ನು ಎರಡನೇ ಸಲ ಎಣಿಸಿದ್ದೆ.

ಇನ್ನು ಗೋಡೆ ದಾಟುವ ಒಟ್ಟು ಹರಿವು. ತಪ್ಪು ವೇಗದಲ್ಲಿ ಗೋಡೆಗೆ ಲಂಬವಾದ ಭಾಗ U (cos θ − cos 3θ). 135 ಡಿಗ್ರಿಯಲ್ಲಿ ಇದು −14.1 ಮೀ/ಸೆ, ಇಡೀ ವೇಗ ಒಳಮುಖ. ಆದರೆ 45 ಡಿಗ್ರಿಯಲ್ಲಿ +14.1, ಹೊರಮುಖ. ಮುಂದೆ ನುಗ್ಗಿದ ಗಾಳಿಯಷ್ಟೇ ಹಿಂದೆ ಹೊರಬರುತ್ತಿತ್ತು, ಮೊತ್ತ ಸೊನ್ನೆ. ನಾನು ನೋಡಬೇಕಿದ್ದದ್ದು ಮೊತ್ತವನ್ನಲ್ಲ, ಪ್ರತಿ ಬಿಂದುವಿನಲ್ಲೂ ಲಂಬ ವೇಗ ಎಷ್ಟು ಅನ್ನುವುದನ್ನು.

ಕಣಗಳು ಮೂಗಿನಲ್ಲಿ ಗುಂಪು ಸೇರಿದ್ದೂ ಒಂದು ಸುಳಿವಾಗಿತ್ತು. ನಿಜವಾದ ಹರಿವಿನಲ್ಲಿ ಮೂಗಿನ ಹತ್ತಿರ ಗಾಳಿ ಎದುರಿನಿಂದ ಬಂದು ಮೇಲಕ್ಕೂ ಕೆಳಕ್ಕೂ ಕವಲೊಡೆಯುತ್ತದೆ. v ತಿರುಗಿದಾಗ ಮೇಲಿನಿಂದಲೂ ಕೆಳಗಿನಿಂದಲೂ ಅಲ್ಲಿಗೇ ಬರುತ್ತದೆ, ಹೊರಗೆ ಹೋಗುವ ದಾರಿಯೇ ಇಲ್ಲ, ಬಚ್ಚಲ ತೂತಿನ ಹಾಗೆ. ಎಲ್ಲ ಕಡೆಯಿಂದ ಒಂದೇ ಕಡೆ ಸೇರುವ ಹರಿವು ಕಂಡರೆ ಅಲ್ಲಿ ಗಾಳಿ ಮಾಯವಾಗುತ್ತಿದೆ ಅಂತ ಅರ್ಥ. ಚಿತ್ರದಲ್ಲಿ ಅದು ಕಣ್ಣಿಗೆ ರಾಚುವಂತಿತ್ತು, ನಾನು ಗೋಡೆ ದಾಟಿದ ಕಣವನ್ನೇ ನೋಡುತ್ತ ಕೂತಿದ್ದೆ.

ಈಗ ನನ್ನ ಮುಖ್ಯ ಪರೀಕ್ಷೆ ψ. ಕಣ ಸಾಗಿದಷ್ಟು ದೂರವೂ ಅದರ ψ ಬದಲಾಗಬಾರದು. ψ ಅನ್ನು W ಇಂದ ನೇರ ತೆಗೆಯುತ್ತೇನೆ, ವೇಗದ ಫಂಕ್ಷನ್ ಮುಟ್ಟುವುದಿಲ್ಲ. ಹಾಗಾಗಿ ಒಂದರ ತಪ್ಪು ಇನ್ನೊಂದರಲ್ಲಿ ಬಚ್ಚಿಟ್ಟುಕೊಳ್ಳಲಾರದು. ಅದೇ 20 ಮಿ.ಮೀ. ಕಣ ತೆಗೆದುಕೊಳ್ಳಿ. ಹೊರಡುವಾಗ ψ = 10 × 0.02 × (1 − 0.0025/0.0629), ಸುಮಾರು 0.192 ಮೀ²/ಸೆ. ನೆತ್ತಿಯ ನೇರಕ್ಕೆ ಬಂದಾಗಲೂ ಇಷ್ಟೇ ಇರಬೇಕು, ಅಂದರೆ y − a²/y = 0.0192. ಬಿಡಿಸಿದರೆ y = 60.5 ಮಿ.ಮೀ. ಕಣ ಗೋಡೆಯಿಂದ ಬರೀ 10.5 ಮಿ.ಮೀ. ಮೇಲೆ ಹಾದುಹೋಗಬೇಕು. ಮೈನಸ್ ಹಾಕಿ ಓಡಿಸಿದೆ, ಅಲ್ಲೇ ಹೋಯಿತು.

ಈ ಉತ್ತರ ನಂಬಬಹುದಾ ಅಂತ ನೋಡುವ ಇನ್ನೊಂದು ದಾರಿಯೂ ಇದೆ. ಎರಡು ಗೆರೆಗಳ ψ ವ್ಯತ್ಯಾಸವೇ ಅವುಗಳ ನಡುವೆ ಹರಿಯುವ ಪ್ರಮಾಣ. 10.5 ಮಿ.ಮೀ. ಸಂದಿಯಲ್ಲಿ 0.192 ಮೀ²/ಸೆ ಹರಿಯಬೇಕಿದ್ದರೆ ಸರಾಸರಿ ವೇಗ ಸುಮಾರು 18.3 ಮೀ/ಸೆ. ಗೋಡೆಯ ಹತ್ತಿರ 20, ಕಣ ಇರುವಲ್ಲಿ 16.8. ನಡುವೆ 18.3, ಸರಿಹೋಯಿತು ಅಲ್ವಾ?

ಇದೇ ಪರೀಕ್ಷೆಯಲ್ಲಿ ಎರಡನೇ ಹುಳುಕೂ ಸಿಕ್ಕಿತು. ಮೊದಲ ಆವೃತ್ತಿಯಲ್ಲಿ ಆಯ್ಲರ್ ವಿಧಾನ ಹಾಕಿದ್ದೆ. ψ ನಿಧಾನಕ್ಕೆ ಜಾರುತ್ತಿತ್ತು. ಹೆಜ್ಜೆ ಅರ್ಧ ಮಾಡಿದರೆ ಜಾರುವುದೂ ಹತ್ತಿರ ಹತ್ತಿರ ಅರ್ಧ. ಇದು ನಿಜವಾದ ಹೆಜ್ಜೆಯ ತಪ್ಪು, ಹೆಜ್ಜೆಯ ಜೊತೆ ಬದಲಾಗುತ್ತದೆ. ನಾಲ್ಕನೇ ದರ್ಜೆಯ ರುಂಗೆ-ಕುಟ್ಟಾ ಹಾಕಿದ ಮೇಲೆ ಹೋಯಿತು.

ಇದೆಲ್ಲ ಪ್ರೋಗ್ರಾಂ ಪರೀಕ್ಷೆಗೆ ಮಾತ್ರ. ನಿಜವಾದ ಗಾಳಿ ಇಷ್ಟು ವಿಧೇಯವಲ್ಲ. 100 ಮಿ.ಮೀ. ವ್ಯಾಸಕ್ಕೆ 10 ಮೀ/ಸೆ ಅಂದರೆ ರೆನಾಲ್ಡ್ಸ್ ಸಂಖ್ಯೆ 67,000ದ ಆಸುಪಾಸು. ನುಣುಪು ಸಿಲಿಂಡರ್ ಆದರೆ ಮೂಗಿನಿಂದ ಸುಮಾರು 80 ಡಿಗ್ರಿ ಹೋಗುವಷ್ಟರಲ್ಲೇ ಗಾಳಿ ಮೈಬಿಟ್ಟು ಹಿಂದೆ ಅಗಲವಾದ ಸುಳಿಗಳ ಬಾಲ ಮಾಡುತ್ತದೆ. ಡ್ರ್ಯಾಗ್ ಗುಣಾಂಕ ಸೊನ್ನೆಯಲ್ಲ, 1.2ರ ಹತ್ತಿರ. ಹಾಗಾಗಿ ಸಿಲಿಂಡರ್‌ನ ಹಿಂಭಾಗದಲ್ಲಿ ಕಣ ಎಲ್ಲಿ ಹೋಗುತ್ತದೆ ಅಂತ ಈ W ಕೇಳಿದರೆ ಸಿಗುವ ಉತ್ತರಕ್ಕೆ ಬೆಲೆ ಇಲ್ಲ. ಮುಂಭಾಗಕ್ಕೆ ಪರವಾಗಿಲ್ಲ.

ಲೀಡ್ ಇನ್ನೊಂದು ಕೆಲಸ ಮಾಡಿಸಿದರು. ತಪ್ಪು ಫಂಕ್ಷನ್ ಅಳಿಸಬೇಡಿ ಅಂದರು. ಅದು ಈಗ ಟೆಸ್ಟ್ ಫೋಲ್ಡರ್‌ನಲ್ಲಿ `velocity_wrong` ಅನ್ನುವ ಹೆಸರಲ್ಲಿದೆ. ಯಾರಾದರೂ ಹೊಸ ಪರೀಕ್ಷೆ ಸೇರಿಸಿದರೆ ಮೊದಲು ಅದನ್ನು ಈ ಫಂಕ್ಷನ್ ಮೇಲೆ ಓಡಿಸುತ್ತೇವೆ. ಅದು ಇಲ್ಲೂ ಪಾಸಾದರೆ ವೇಗದ ದಿಕ್ಕಿನ ಪರೀಕ್ಷೆ ಅಂತ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಹಳೆಯ ಐದೂ ಅಲ್ಲಿ ಈಗಲೂ ಹಸಿರಾಗಿ ಪಾಸಾಗುತ್ತವೆ.